ಬರೀ ಒಂದು ಹ್ಯಾಶ್‌ಟ್ಯಾಗ್ ಕಳಿಸಿ ಸುಮ್ಮನಾಗುವ ಗಿರಾಕಿಗೆ ಏನು ಬೇಕಿರುತ್ತೆ?

ಗೊಂಬೆಮನೆ_ಮಲ್ಲೇಶ್ವರಂ

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ದಸರಾ ಗೊಂಬೆ ಮಾರುತ್ತೇನೆ. ಪಟ್ಟದ ಗೊಂಬೆ, ಚನ್ನಪಟ್ಟಣದ ಮರದ ಸೆಟ್, ಸ್ವಲ್ಪ ಮಣ್ಣಿನ ಗೊಂಬೆ. ನವರಾತ್ರಿ ಹತ್ತಿರ ಬಂತು, ವ್ಯಾಪಾರದ ಸಮಯ.

ಈಚೆಗೆ ವಾಟ್ಸಾಪಿಗೆ ಹೊಸ ಹೊಸ ನಂಬರುಗಳಿಂದ ಬರೀ ಇಷ್ಟೇ ಬರುತ್ತಿದೆ: #DasaraGombe. ನಮಸ್ಕಾರ ಇಲ್ಲ, ಪ್ರಶ್ನೆ ಇಲ್ಲ, ಹೆಸರಿಲ್ಲ. ನಾನು "ನಮಸ್ಕಾರ, ಏನು ಬೇಕಿತ್ತು ಹೇಳಿ" ಅಂತ ಬರೆಯುತ್ತೇನೆ. ಕೆಲವರು ನೋಡಿ ಸುಮ್ಮನಾಗುತ್ತಾರೆ. ಒಬ್ಬರಂತೂ "ಕೇಳಿದ್ದೀನಲ್ವಾ, ಮತ್ತೆ ಯಾಕೆ ಕೇಳ್ತೀರಾ" ಅಂತ ಸಿಟ್ಟಾದರು. ಅವರು ಏನು ಕೇಳಿದ್ದರು ಅಂತ ನನಗೆ ಇನ್ನೂ ಗೊತ್ತಿಲ್ಲ.

ಇನ್‌ಸ್ಟಾಗ್ರಾಂನಲ್ಲಿ ಇನ್ನೊಂದು ತರಹ. ಅಲ್ಲಿ @ ಹಾಕಿ ಯಾರದೋ ಖಾತೆಯ ಹೆಸರು ಮಾತ್ರ ಕಳಿಸುತ್ತಾರೆ. ಅದರಲ್ಲಿ ಒಂದು ನನ್ನ ಅಂಗಡಿ ಹೆಸರೇ, ಕೊನೆಗೆ ಒಂದು ಅಂಡರ್‌ಸ್ಕೋರ್ ಮಾತ್ರ ಜಾಸ್ತಿ.

ಇವರಿಗೆಲ್ಲ ಏನು ಬೇಕು? ಉತ್ತರ ಕೊಡಬೇಕಾ, ಬಿಡಬೇಕಾ?

ಬಸವನಗುಡಿ_ಹುಡುಗ

ಸ್ಪ್ಯಾಮ್. ಬ್ಲಾಕ್ ಮಾಡಿ ಮುಂದೆ ಹೋಗಿ. ಮಾತಾಡೋಕೆ ಬಾರದವರು ದುಡ್ಡು ಕೊಡೋದೂ ಇಲ್ಲ.

ರೀಲ್ಸ್_ರಂಜನಿ

ಅಕ್ಕ, ಒಂದೇ ಹ್ಯಾಶ್‌ಟ್ಯಾಗ್ ಸಾಕಾಗಲ್ಲ. ಊರಿನ ಹೆಸರು ಸೇರಿಸಿದ್ದು ಒಂದು, ವಸ್ತುವಿನ ಹೆಸರಿನದು ಒಂದು, ಹಬ್ಬದ್ದು ಒಂದು ಹಾಕಿ. ಬರೀ #DasaraGombe ಹಾಕಿದರೆ ಎಲ್ಲರ ಪೋಸ್ಟಿನ ಮಧ್ಯೆ ನಿಮ್ಮದು ಕಳೆದು ಹೋಗುತ್ತೆ.

ಗೊಂಬೆಮನೆ_ಮಲ್ಲೇಶ್ವರಂ

ರಂಜನಿ, ನಾನು ಹಾಕುತ್ತಿರೋದಲ್ಲಮ್ಮ. ಗಿರಾಕಿಗಳು ನನಗೆ ಕಳಿಸುತ್ತಿರೋದು. ವಾಟ್ಸಾಪಿಗೆ.

ರೀಲ್ಸ್_ರಂಜನಿ

ಓ ಹಾಗಾ! ಸರಿಯಾಗಿ ಓದಲಿಲ್ಲ ಅಕ್ಕ. ಆದರೂ ಊರಿನ ಹೆಸರು ಸೇರಿಸಿ, ಒಳ್ಳೆಯದೇ.

ಜಯನಗರ_ರಾಯರು

ನನಗೆ ಅನಿಸೋದು ಇದು ಹುಡುಕಾಟ. ನಮ್ಮ ವಯಸ್ಸಿನವರಲ್ಲಿ ಬಹಳ ಜನ ಹುಡುಕುವ ಜಾಗ ಯಾವುದು, ಸಂದೇಶ ಬರೆಯುವ ಜಾಗ ಯಾವುದು ಅಂತ ನೋಡಲ್ಲ. ಕೆಳಗೆ ಖಾಲಿ ಪಟ್ಟಿ ಕಂಡರೆ ಅಲ್ಲಿ ಬರೆದುಬಿಡುತ್ತಾರೆ. ನಮ್ಮ ಪಾರ್ಕಿನ ಗುಂಪಿನಲ್ಲಿ ಒಬ್ಬರು ದಿನಾ ಸಂಜೆ "ರಾಹುಕಾಲ" ಅಂತ ಒಂದೇ ಪದ ಕಳಿಸುತ್ತಿದ್ದರು. ಗೂಗಲ್ ಅಂದುಕೊಂಡಿದ್ದರಂತೆ. ನಾವು ಉತ್ತರ ಕೊಡುತ್ತಿದ್ದೆವು, ಅವರಿಗೂ ಅನುಮಾನ ಬರಲಿಲ್ಲ.

ಕೀವರ್ಡ್_ಕಿರಣ

ರಾಯರು ಹೇಳಿದ್ದು ಸ್ವಲ್ಪ ಮಟ್ಟಿಗೆ ಸರಿ. ಆದರೆ ನಮ್ಮ ವಯಸ್ಸಿನವರು ಇದನ್ನು ಬೇಕಂತಲೇ ಮಾಡುತ್ತೇವೆ. ರೀಲ್ಸ್ ನೋಡಿ, "ಕಾಮೆಂಟಿನಲ್ಲಿ PRICE ಅಂತ ಹಾಕಿ, ಲಿಂಕ್ ಕಳಿಸ್ತೀವಿ" ಅನ್ನುತ್ತಾರೆ. ಪದ ಹಾಕಿದ ಕೂಡಲೇ ಇನ್‌ಬಾಕ್ಸಿಗೆ ಲಿಂಕ್ ಬರುತ್ತೆ. ಅಲ್ಲಿ ಆ ಕಡೆ ಮನುಷ್ಯರೇ ಇಲ್ಲ, ತಾನಾಗಿ ಹೋಗೋ ಉತ್ತರ. ಇದು ರೂಢಿ ಆಗಿಬಿಟ್ಟಿದೆ. ಹಾಗಾಗಿ ಯಾವ ಅಂಗಡಿಗೆ ಹೋದರೂ ಒಂದು ಪದ ಹಾಕಿ ಕಾಯೋದು. ಅಕ್ಕನ ಗಿರಾಕಿಗಳೂ ಹಾಗೇ. ಬೆಲೆಪಟ್ಟಿ ಬರುತ್ತೆ ಅಂತ ಕಾಯುತ್ತಿದ್ದಾರೆ.

ಬಸವನಗುಡಿ_ಹುಡುಗ

ಅದಕ್ಕೆ ನಮಸ್ಕಾರ ಅಂತ ಒಂದು ಪದ ಸೇರಿಸೋಕೆ ಏನು ಕಷ್ಟ?

ಕೀವರ್ಡ್_ಕಿರಣ

ಆ ಕಡೆ ಯಾರೂ ಇಲ್ಲ ಅಂದುಕೊಂಡವನು ಯಾರಿಗೆ ನಮಸ್ಕಾರ ಮಾಡಬೇಕು ಗುರು?

ಲಿಂಕ್_ಬಿಚ್ಚುವವ

ಮೇಡಂ, ಊಹೆ ಮಾಡೋ ಮೊದಲು ಮೂರು ವಿಷಯ ಹೇಳಿ.

ಎಲ್ಲರೂ ಒಂದೇ ಸ್ಪೆಲ್ಲಿಂಗ್ ಕಳಿಸುತ್ತಾರಾ? ಅಂದರೆ D ದೊಡ್ಡದು, ಮಧ್ಯದ G ಕೂಡ ದೊಡ್ಡದು, ಹಾಗೇ ಇರುತ್ತಾ? ಯಾವ ದಿನಗಳಲ್ಲಿ ಜಾಸ್ತಿ ಬರುತ್ತೆ? ನಿಮ್ಮ ನಂಬರು ಅವರಿಗೆ ಎಲ್ಲಿ ಸಿಕ್ಕಿರಬಹುದು, ಕಾರ್ಡ್, ಪೋಸ್ಟರ್, ಇನ್‌ಸ್ಟಾಗ್ರಾಂ ಬಯೋ?

ಕೇಳೋಕೆ ಕಾರಣ ಇದೆ. ಕೈಯಲ್ಲಿ ಟೈಪ್ ಮಾಡಿದರೆ ಒಬ್ಬೊಬ್ಬರದು ಒಂದೊಂದು ತರಹ ಇರುತ್ತೆ. ಒಬ್ಬರು dasara ಬರೆದರೆ ಇನ್ನೊಬ್ಬರು dasera, ಮತ್ತೊಬ್ಬರು bombe. ಪದದ ಮಧ್ಯೆ G ದೊಡ್ಡದು ಮಾಡೋ ತಾಳ್ಮೆ ಗಿರಾಕಿಗೆ ಇರಲ್ಲ.

ಗೊಂಬೆಮನೆ_ಮಲ್ಲೇಶ್ವರಂ

ಈಗ ಕೂತು ನೋಡಿದೆ ಸಾರ್. ಹೆಚ್ಚಿನವು ಅಚ್ಚು ಹಾಕಿದ ಹಾಗೆ ಒಂದೇ. D, G ಎರಡೂ ದೊಡ್ಡವು. ಕೆಲವು ಮಾತ್ರ ಬೇರೆ: #gombe, #dasaragombe, ಒಂದು #bombehabba.

ಶನಿವಾರ, ಭಾನುವಾರ ಜಾಸ್ತಿ. ಆ ದಿನ ನಾನು ಸಂತೆಗಳಲ್ಲಿ ಸ್ಟಾಲ್ ಹಾಕುತ್ತೇನೆ. ಅಲ್ಲಿ ವಿಸಿಟಿಂಗ್ ಕಾರ್ಡ್ ಕೊಡುತ್ತೇನೆ, ಹಿಂದೆ ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿದರೆ ವಾಟ್ಸಾಪ್ ತೆರೆಯುತ್ತೆ. ಡಿಸೈನ್ ಮಾಡುವ ಹುಡುಗ ಮಾಡಿಕೊಟ್ಟದ್ದು.

ಲಿಂಕ್_ಬಿಚ್ಚುವವ

ಹಾಗಾದರೆ ಇಲ್ಲಿ ಎರಡು ಗುಂಪು ಇವೆ. ಸಣ್ಣ ಅಕ್ಷರದವು ಕಿರಣ ಅಥವಾ ರಾಯರು ಹೇಳಿದ ಕಥೆ. ಅಚ್ಚು ಹಾಕಿದಂಥವು ಗಿರಾಕಿ ಬರೆದದ್ದೇ ಅಲ್ಲ, ನಿಮ್ಮ ಕಾರ್ಡ್ ಬರೆದದ್ದು. ಬೇರೆ ಯಾರದಾದರೂ ಫೋನಿನಲ್ಲಿ ಆ ಕ್ಯೂಆರ್ ಸ್ಕ್ಯಾನ್ ಮಾಡಿ. ತೆರೆಯುವ ಮೊದಲು ಮೇಲೆ ಲಿಂಕ್ ಕಾಣುತ್ತೆ. ಅದನ್ನು ಕಾಪಿ ಮಾಡಿ ಇಲ್ಲಿ ಹಾಕಿ. ಫೋನ್ ನಂಬರು ಮಾತ್ರ ಅಳಿಸಿ.

ಗೊಂಬೆಮನೆ_ಮಲ್ಲೇಶ್ವರಂ

ಮಗಳ ಫೋನಿನಲ್ಲಿ ಮಾಡಿದೆ. ವಾಟ್ಸಾಪ್ ತೆರೆದ ತಕ್ಷಣ ಬರೆಯುವ ಜಾಗದಲ್ಲಿ #DasaraGombe ಅಂತ ತಾನೇ ಬಂದು ಕೂತಿತ್ತು! ಲಿಂಕ್ ಇದು:

```
https://wa.me/91XXXXXXXXXX?text=%23DasaraGombe&Channapatna%20bele%20tilisi
```

ಲಿಂಕ್_ಬಿಚ್ಚುವವ

ಸಿಕ್ಕಿತು. ನಿಧಾನಕ್ಕೆ ಓದಿ.

wa.me ಲಿಂಕಿನಲ್ಲಿ text= ಆದ ಮೇಲೆ ಇರೋದು ಗಿರಾಕಿಯ ಪರವಾಗಿ ಮೊದಲೇ ತುಂಬಿಟ್ಟ ಮಾತು. ನಿಮ್ಮ ಹುಡುಗ ಬರೆಯಬೇಕು ಅಂದುಕೊಂಡದ್ದು "#DasaraGombe&Channapatna bele tilisi". ಅಂದರೆ ದಸರಾ ಗೊಂಬೆ, ಚನ್ನಪಟ್ಟಣದ ಸೆಟ್, ಎರಡರ ಬೆಲೆ ತಿಳಿಸಿ ಅಂತ. ಸ್ಪಷ್ಟವಾದ ಪ್ರಶ್ನೆ.

ಆದರೆ ವೆಬ್ ವಿಳಾಸದಲ್ಲಿ ಕೆಲವು ಚಿಹ್ನೆಗಳಿಗೆ ಬೇರೆ ಕೆಲಸ ಇದೆ. # ಬಂದರೆ, ಅಲ್ಲಿಂದ ಮುಂದಿನದು ಪುಟದೊಳಗಿನ ಗುರುತು ಅಂತ ಅರ್ಥ. & ಬಂದರೆ, ಇಲ್ಲಿಗೆ ಒಂದು ವಿವರ ಮುಗಿಯಿತು, ಇನ್ನೊಂದು ಶುರು ಅಂತ ಅರ್ಥ. ಅದಕ್ಕೇ ಮಾತಿನೊಳಗೆ ಈ ಚಿಹ್ನೆ ಬೇಕು ಅಂದರೆ ವೇಷ ಹಾಕಿಸಿ ಕಳಿಸಬೇಕು. # ಗೆ %23, & ಗೆ %26, ಖಾಲಿ ಜಾಗಕ್ಕೆ %20.

ನಿಮ್ಮ ಲಿಂಕಿನಲ್ಲಿ # ಸರಿಯಾಗಿದೆ, ಖಾಲಿ ಜಾಗವೂ ಸರಿಯಾಗಿದೆ. & ಮಾತ್ರ ಹಾಗೇ ಉಳಿದಿದೆ. ಹಾಗಾಗಿ ವಾಟ್ಸಾಪ್ ಅಲ್ಲಿಗೆ ಮಾತು ಮುಗಿಯಿತು ಅಂದುಕೊಂಡಿತು. "Channapatna bele tilisi" ಅನ್ನೋದು ಅದಕ್ಕೆ ಅರ್ಥವಾಗದ ಬೇರೆ ವಿವರ, ಬಿಟ್ಟುಬಿಟ್ಟಿತು. ಗಿರಾಕಿಯ ಮುಂದೆ ಉಳಿದದ್ದು ಒಂಟಿ ಹ್ಯಾಶ್‌ಟ್ಯಾಗ್.

ಈಗ ಅವರ ಕಡೆಯಿಂದ ಯೋಚಿಸಿ. ಕಾರ್ಡ್ ಸ್ಕ್ಯಾನ್ ಮಾಡಿದರು, ಏನೋ ಒಂದು ಪದ ತಾನಾಗಿ ಬಂದಿದೆ, ಕಳಿಸು ಬಟನ್ ಒತ್ತಿದರು. ಅವರ ಲೆಕ್ಕದಲ್ಲಿ ಕೇಳಬೇಕಾದ್ದನ್ನು ಕೇಳಿ ಆಯಿತು. ನೀವು "ಏನು ಬೇಕಿತ್ತು" ಅಂದರೆ ಸಿಟ್ಟು ಬರೋದು ಸಹಜ ಅಲ್ವಾ?

ಸರಿಯಾದ ಲಿಂಕ್:

```
https://wa.me/91XXXXXXXXXX?text=%23DasaraGombe%20%26%20Channapatna%20bele%20tilisi
```

ಗೊಂಬೆಮನೆ_ಮಲ್ಲೇಶ್ವರಂ

ಅಯ್ಯೋ ದೇವರೇ. ಇದನ್ನು ಬ್ರೌಸರಿನಲ್ಲಿ ಹಾಕಿ ನೋಡಿದೆ, ಪೂರ್ತಿ ವಾಕ್ಯ ಬಂತು. ಪಾಪ, ಆ ಜನ ನನ್ನನ್ನು ಏನು ಅಂದುಕೊಂಡರೋ.

ಕೋರಮಂಗಲ_ಕೋಡರ್

ಡಿಸೈನರ್ ಪರವಾಗಿ ಒಂದು ಮಾತು. ಇದು ಹೇಗೆ ಆಗಿರುತ್ತೆ ಅಂತ ನನಗೆ ಕಣ್ಣಿಗೆ ಕಟ್ಟುತ್ತಿದೆ. ಜಾವಾಸ್ಕ್ರಿಪ್ಟಿನಲ್ಲಿ ಎರಡು ಸಾಧನ ಇವೆ, `encodeURI` ಮತ್ತು `encodeURIComponent`. ಮೊದಲನೆಯದು ಖಾಲಿ ಜಾಗವನ್ನು ಬದಲಿಸುತ್ತೆ, # ಮತ್ತು & ಎರಡನ್ನೂ ಮುಟ್ಟಲ್ಲ. ಪೂರ್ತಿ ವಿಳಾಸಕ್ಕೆ ಅಂತ ಮಾಡಿದ್ದು ಅದು. ಮಾತಿನ ಭಾಗಕ್ಕೆ ಎರಡನೆಯದು ಬೇಕು. ಹುಡುಗ ಮೊದಲನೆಯದನ್ನು ಬಳಸಿರುತ್ತಾನೆ. # ಹಾಗೇ ಇದ್ದದ್ದರಿಂದ ಸ್ಕ್ಯಾನ್ ಮಾಡಿದಾಗ ಬರೆಯುವ ಜಾಗ ಪೂರ್ತಿ ಖಾಲಿ ಬಂದಿರುತ್ತೆ. ಅದನ್ನು ನೋಡಿ # ಒಂದನ್ನು ಕೈಯಲ್ಲಿ %23 ಮಾಡಿದ್ದಾನೆ. ಆಮೇಲೆ ಹ್ಯಾಶ್‌ಟ್ಯಾಗ್ ಕಾಣಿಸಿತು, ಸರಿ ಹೋಯಿತು ಅಂತ ಪ್ರಿಂಟಿಗೆ ಕೊಟ್ಟಿದ್ದಾನೆ.

ಬಸವನಗುಡಿ_ಹುಡುಗ

ಪ್ರಿಂಟಿಗೆ ಹೋಗೋ ಮೊದಲು ಪೂರ್ತಿ ವಾಕ್ಯ ಬರುತ್ತಾ ಅಂತ ನೋಡಬೇಕಿತ್ತು. ಇದರಲ್ಲಿ ಪರ ವಹಿಸೋಕೆ ಏನಿದೆ?

ಕೋರಮಂಗಲ_ಕೋಡರ್

ನೋಡಬೇಕಿತ್ತು, ನಿಜ. ಆದರೆ ನೀನು ಬೆಳಗ್ಗೆ ಇವರನ್ನೆಲ್ಲ ಬ್ಲಾಕ್ ಮಾಡಿ ಅಂದಿದ್ದೆ. ಮಾಡಿದ್ದರೆ ಕಾರ್ಡ್ ತಗೊಂಡು ಹೋಗಿ ನೆನಪಿಟ್ಟು ಸ್ಕ್ಯಾನ್ ಮಾಡಿದ ಗಿರಾಕಿಗಳೇ ಹೋಗುತ್ತಿದ್ದರು.

ಚಿಕ್ಕಪೇಟೆ_ಪ್ರಿಂಟರ್

ಕಾರ್ಡ್ ಎಸೆಯಬೇಡಿ ಮೇಡಂ. ಕ್ಯೂಆರ್ ಹಿಂದಿನ ಲಿಂಕ್ ಬದಲಾಯಿಸಬಹುದು. ನಮ್ಮ ಹತ್ತಿರ ಬರೋ ಹೋಟೆಲಿನವರು ಮೆನು ಬದಲಾಯಿಸುತ್ತಾರೆ, ಟೇಬಲ್ ಮೇಲಿನ ಕೋಡ್ ಅದೇ ಇರುತ್ತೆ.

ಲಿಂಕ್_ಬಿಚ್ಚುವವ

ಅಣ್ಣ, ಹೋಟೆಲಿನವರ ಕೋಡಿನಲ್ಲಿ ಇರೋದು ಅವರದೇ ಒಂದು ಪುಟದ ವಿಳಾಸ. ಪುಟ ಬದಲಾಗುತ್ತೆ, ವಿಳಾಸ ಬದಲಾಗಲ್ಲ. ಮೇಡಂ ಕಾರ್ಡಿನ ಆ ಕಪ್ಪು ಚೌಕಗಳಲ್ಲಿ "#DasaraGombe&Channapatna" ಅನ್ನೋದೇ ಬರೆದುಬಿಟ್ಟಿದೆ. ಅದನ್ನು ದೂರದಿಂದ ಯಾರೂ ತಿದ್ದೋಕೆ ಆಗಲ್ಲ. ಹೊಸ ಕೋಡಿನ ಸ್ಟಿಕ್ಕರ್ ಮಾಡಿಸಿ ಹಳೆಯದರ ಮೇಲೆ ಅಂಟಿಸಬಹುದು, ಅಷ್ಟೇ.

ಇನ್ನೊಂದು ಮಾತು. ಮೇಡಂ ಹತ್ತಿರ ವಾಟ್ಸಾಪ್ ಬಿಸಿನೆಸ್ ಆ್ಯಪ್ ಇದ್ದರೆ ಅದರ ಒಳಗೇ ಅಂಗಡಿಗೆ ಒಂದು ಚಿಕ್ಕ ಲಿಂಕ್ ಸಿಗುತ್ತೆ, wa.me/message/ ಅಂತ ಶುರುವಾಗೋದು. ಅದರ ಮೊದಲೇ ತುಂಬಿಟ್ಟ ಮಾತನ್ನು ಆ್ಯಪಿನಲ್ಲೇ ಯಾವಾಗ ಬೇಕಾದರೂ ತಿದ್ದಬಹುದು, ಲಿಂಕ್ ಹಾಗೇ ಇರುತ್ತೆ. ದಸರಾಕ್ಕೆ ಒಂದು ಮಾತು, ಸಂಕ್ರಾಂತಿಗೆ ಇನ್ನೊಂದು. ಪ್ರಿಂಟ್ ಮಾಡಿಸೋದಾದರೆ ಅದನ್ನೇ ಮಾಡಿಸಿ. ಆ್ಯಪಿನಲ್ಲಿ ರೀಸೆಟ್ ಅಂತ ಒಂದು ಆಯ್ಕೆ ಇದೆ, ಅದನ್ನು ಮಾತ್ರ ಒತ್ತಬೇಡಿ. ಒತ್ತಿದರೆ ಹಳೆಯ ಲಿಂಕ್ ಕೆಲಸ ಮಾಡಲ್ಲ.

ಚಿಕ್ಕಪೇಟೆ_ಪ್ರಿಂಟರ್

ಹಾಗಾದರೆ ನಾನು ಹೇಳಿದ್ದು ಅರ್ಧ ಸರಿ ಆಯಿತು. ಸ್ಟಿಕ್ಕರ್ ಮಾಡಿಸೋದಾದರೆ ಕೋಡಿನ ಸುತ್ತ ಬಿಳಿ ಅಂಚು ಬಿಟ್ಟು ಕಟ್ ಮಾಡಿಸಿ. ಅಂಚಿಲ್ಲದೆ ಹಳೆಯ ಕೋಡಿಗೆ ತಾಗಿದರೆ ಫೋನು ಓದೋಕೆ ತಿಣುಕುತ್ತೆ.

ರಾಜಾಜಿನಗರ_ಅಡುಗೆಮನೆ

ನನ್ನದೂ ಇಂಥದೇ ಒಂದು. ನಾನು ಚಕ್ಲಿ, ನಿಪ್ಪಟ್ಟು ಮಾಡಿ ಕಳಿಸುತ್ತೇನೆ. ನನಗೆ #1043 ಅಂತ ಮಾತ್ರ ಬರುತ್ತೆ. ಮೊದಮೊದಲು ಯಾವುದೋ ಓಟಿಪಿ ತಪ್ಪಿ ಬಂತು ಅಂದುಕೊಂಡೆ. ಆಮೇಲೆ ತಿಳಿಯಿತು, ಅದು ನನ್ನ ವೆಬ್‌ಸೈಟ್ ಕೊಡುವ ಆರ್ಡರ್ ನಂಬರು. ಶಾಪಿಫೈನಲ್ಲಿ ಅಂಗಡಿ ತೆರೆದರೆ ಮೊದಲ ಆರ್ಡರಿಗೆ #1001 ಅಂತ ಬರುತ್ತೆ, ಅಲ್ಲಿಂದ ಮುಂದಕ್ಕೆ. ಹಾಗೆ ನಂಬರ್ ಮಾತ್ರ ಬಂದರೆ "ನನ್ನ ಪಾರ್ಸಲ್ ಎಲ್ಲಿ" ಅಂತಲೇ ಅರ್ಥ. ಬೇರೆ ಅರ್ಥ ಇರೋದನ್ನು ನಾನು ಇದುವರೆಗೆ ನೋಡಿಲ್ಲ.

ಜಯನಗರ_ರಾಯರು

ನಿಪ್ಪಟ್ಟು ಜಯನಗರಕ್ಕೂ ಕಳಿಸುತ್ತೀರಾ ತಾಯಿ?

ರಾಜಾಜಿನಗರ_ಅಡುಗೆಮನೆ

ಕಳಿಸ್ತೀನಿ ರಾಯರೇ. ಇಲ್ಲಿ ಬೇಡ, ಒಳಗೆ ಮೆಸೇಜ್ ಮಾಡಿ. ಪೂರ್ತಿ ವಾಕ್ಯ ಬರೆಯಿರಿ.

ಗೊಂಬೆಮನೆ_ಮಲ್ಲೇಶ್ವರಂ

ಕಾರ್ಡಿನ ವಿಷಯ ತಿಳಿಯಿತು. ಆದರೆ ಹಳೆಯ ಕಾರ್ಡ್ ಈಗಾಗಲೇ ಜನರ ಕೈಯಲ್ಲಿವೆ. ಹಬ್ಬ ಮುಗಿಯೋವರೆಗೆ ಹ್ಯಾಶ್‌ಟ್ಯಾಗ್ ಬರುತ್ತಲೇ ಇರುತ್ತೆ. ಅವರಿಗೆ ಏನಂತ ಉತ್ತರ ಬರೆಯಲಿ?

ಕೀವರ್ಡ್_ಕಿರಣ

ಪೂರ್ತಿ ಬೆಲೆಪಟ್ಟಿ ಕಳಿಸಿಬಿಡಿ. ಕೇಳಿದ್ದು ಅದನ್ನೇ ಅಂತ ಗೊತ್ತಾಯಿತಲ್ಲ.

ಯಶವಂತಪುರ_ಸೀರೆ

ಬೇಡ ಅಕ್ಕ. ನಾನು ಹಾಗೇ ಮಾಡುತ್ತಿದ್ದೆ. ಉದ್ದದ ಪಟ್ಟಿ ನೋಡಿ ಜನ ಓಡಿಹೋಗುತ್ತಾರೆ. ನಾಲ್ಕು ಸಾವಿರದ ಸೀರೆ ಮೊದಲು ಕಂಡರೆ ಎಂಟುನೂರರದ್ದು ಕೆಳಗಿದೆ ಅಂತ ಯಾರೂ ನೋಡಲ್ಲ. ಫೋನ್ ಮಾಡಿ ಮಾತಾಡಿ, ಅದೇ ವಾಸಿ.

ಬಸವನಗುಡಿ_ಹುಡುಗ

ಗೊತ್ತಿಲ್ಲದ ನಂಬರಿಂದ ಫೋನ್ ಬಂದರೆ ನಾನಂತೂ ಎತ್ತಲ್ಲ. ಒಂದು ಪದ ಕಳಿಸಿದವನಿಗೆ ಫೋನ್ ಮಾಡಿದರೆ ಬ್ಲಾಕ್ ಮಾಡುತ್ತಾನೆ.

ಲಿಂಕ್_ಬಿಚ್ಚುವವ

ನನ್ನ ಪ್ರಕಾರ ಊಹೆಯನ್ನು ಅವರ ಮುಂದೆಯೇ ಇಡಬೇಕು. ತಪ್ಪಿದ್ದರೆ ತಿದ್ದೋಕೆ ಒಂದೇ ಅಕ್ಷರ ಸಾಕಾಗುವ ಹಾಗೆ ಬರೆಯಬೇಕು. ಹೀಗೆ:

"ನಮಸ್ಕಾರ, ಕಾರ್ಡ್ ಸ್ಕ್ಯಾನ್ ಮಾಡಿದ್ದಕ್ಕೆ ಧನ್ಯವಾದ. ಪಟ್ಟದ ಗೊಂಬೆ ಬೆಲೆ ಬೇಕಿದ್ದರೆ 1 ಅಂತ ಕಳಿಸಿ. ಚನ್ನಪಟ್ಟಣದ ಸೆಟ್ ಆದರೆ 2. ಬೇರೆ ಏನಾದರೂ ಇದ್ದರೆ ಬರೆಯಿರಿ, ನಾನೇ ಓದಿ ಉತ್ತರ ಕೊಡುತ್ತೇನೆ."

"ಏನು ಬೇಕಿತ್ತು" ಅಂದರೆ ಅವರು ಮತ್ತೆ ಯೋಚಿಸಿ ವಾಕ್ಯ ಬರೆಯಬೇಕು. ಸಂತೆಯಲ್ಲಿ ನಡೆಯುತ್ತಾ ಒಂದು ಕೈಯಲ್ಲಿ ಚೀಲ ಹಿಡಿದವರಿಗೆ ಅದು ಆಗಲ್ಲ. 1 ಒತ್ತೋದು ಆಗುತ್ತೆ.

ಇದನ್ನು ಬಿಸಿನೆಸ್ ಆ್ಯಪಿನಲ್ಲಿ ಸ್ವಾಗತ ಸಂದೇಶವಾಗಿ ಇಡಿ, ತಾನೇ ಹೋಗುತ್ತೆ. ಒಂದು ಮಿತಿ ಇದೆ. ಆ ಸಂದೇಶ ಮೊದಲ ಸಲ ಬರೆದವರಿಗೆ, ಇಲ್ಲವೇ 14 ದಿನ ಮಾತಿಲ್ಲದೆ ಮತ್ತೆ ಬಂದವರಿಗೆ ಮಾತ್ರ ಹೋಗುತ್ತೆ. ಹಾಗಾಗಿ ಕಳೆದ ವಾರ ಕಳಿಸಿ ಸುಮ್ಮನಾದವರಿಗೆ ನೀವೇ ಕೈಯಾರೆ ಕಳಿಸಬೇಕು. 1 ಅಂತ ಬಂದ ಮೇಲೂ ಉತ್ತರ ನೀವೇ ಕೊಡಬೇಕು. ಎರಡೂ ಬೆಲೆಯ ಉತ್ತರಗಳನ್ನು ತ್ವರಿತ ಉತ್ತರದಲ್ಲಿ ಉಳಿಸಿಟ್ಟರೆ, / ಒತ್ತಿ ಆರಿಸಿಕೊಂಡರೆ ಆಯಿತು.

ರೀಲ್ಸ್_ರಂಜನಿ

ಆದರೆ 24 ಗಂಟೆ ದಾಟಿದರೆ ಗಿರಾಕಿಗೆ ಉತ್ತರ ಕೊಡೋಕೆ ಆಗಲ್ಲ ಅಲ್ವಾ? ನಮ್ಮ ಆಫೀಸಿನಲ್ಲಿ ಹಾಗೇ ಇದೆ. ಆಮೇಲೆ ಒಪ್ಪಿಗೆ ಪಡೆದ ಟೆಂಪ್ಲೇಟ್ ಮಾತ್ರ ಕಳಿಸಬೇಕು.

ಲಿಂಕ್_ಬಿಚ್ಚುವವ

ನಿಮ್ಮ ಆಫೀಸಿನದು ಎಪಿಐ ಮೂಲಕ ನಡೆಯುವ ದೊಡ್ಡ ವ್ಯವಸ್ಥೆ ಇರಬೇಕು. ಅಲ್ಲಿ ಗಿರಾಕಿಯ ಕೊನೆಯ ಸಂದೇಶದಿಂದ 24 ಗಂಟೆ ಲೆಕ್ಕ, ನೀವು ಹೇಳಿದ್ದು ಸರಿ. ಮೇಡಂ ಬಳಸೋದು ಫೋನಿನ ಬಿಸಿನೆಸ್ ಆ್ಯಪ್. ಅದರಲ್ಲಿ ಆ ಗಡುವು ಇಲ್ಲ. ಕಳೆದ ವಾರದವರಿಗೂ ಇವತ್ತು ಬರೆಯಬಹುದು.

ಯಶವಂತಪುರ_ಸೀರೆ

ನಾನಿನ್ನೂ ಫೋನ್ ಮಾಡೋದೇ ಸರಿ ಅಂತೀನಿ. ದನಿ ಕೇಳಿದರೆ ನಂಬಿಕೆ ಬರುತ್ತೆ. 1, 2 ಅಂದರೆ ಬ್ಯಾಂಕಿನವರ ಹಾಗೆ ಕೇಳಿಸುತ್ತೆ.

ಗೊಂಬೆಮನೆ_ಮಲ್ಲೇಶ್ವರಂ

ಎರಡೂ ನೋಡುತ್ತೇನೆ ಅಕ್ಕ. ವಯಸ್ಸಾದವರು ಅಂತ ಫೋಟೋದಲ್ಲಿ ಕಂಡರೆ ಫೋನ್ ಮಾಡುತ್ತೇನೆ.

ಈಗ @ ಬಗ್ಗೆ ಯಾರಾದರೂ ಹೇಳಿ. ಅದರ ಹಿಂದೆ ಯಾವ ಕಾರ್ಡೂ ಇಲ್ಲ.

ಅಪಾರ್ಟ್‌ಮೆಂಟ್_ಅಡ್ಮಿನ್

ನಮ್ಮ ಗುಂಪಿನಲ್ಲಿ ದಿನಾ ಇದೇ ಗೋಳು. ಬರೀ @ ಹಾಕಿ ಕಾರ್ಯದರ್ಶಿ ಹೆಸರು. ಅಷ್ಟೇ. ಅವರು ಬಂದು "ಏನು" ಅಂದರೆ ಕಳಿಸಿದವರು ನಾಪತ್ತೆ. ಹೆಚ್ಚಾಗಿ ಮೇಲಿನ ಯಾವುದೋ ನೀರಿನ ಟ್ಯಾಂಕರ್ ಮಾತಿಗೆ ಅವರನ್ನು ಕರೆದಿರುತ್ತಾರೆ. ಆ ಮಾತನ್ನು ಹಿಡಿದು ರಿಪ್ಲೈ ಮಾಡಿರಲ್ಲ. ಅಷ್ಟರಲ್ಲಿ ಐವತ್ತು ಗುಡ್ ಮಾರ್ನಿಂಗ್ ಬಂದು ಟ್ಯಾಂಕರ್ ಮೇಲೆ ಹೋಗಿರುತ್ತೆ.

ಕೀವರ್ಡ್_ಕಿರಣ

ಅದು ಗುಂಪು ಸಾರ್. ಅಲ್ಲಿ @ ಅಂದರೆ ಆ ವ್ಯಕ್ತಿಗೆ ಗಂಟೆ ಬಾರಿಸಿದ ಹಾಗೆ. ಅಕ್ಕನಿಗೆ ಬರೋದು ಇಬ್ಬರ ನಡುವಿನ ಇನ್‌ಬಾಕ್ಸಿನಲ್ಲಿ, ಮೂರನೆಯವರ ಹೆಸರು.

ಇನ್‌ಸ್ಟಾಗ್ರಾಂನಲ್ಲಿ ಅಕ್ಕ ಏನಾದರೂ ಬಹುಮಾನದ ಪೋಸ್ಟ್ ಹಾಕಿದ್ದಿರಾ? "ಮೂರು ಗೆಳತಿಯರನ್ನು ಟ್ಯಾಗ್ ಮಾಡಿ, ಒಂದು ಗೊಂಬೆ ಗೆಲ್ಲಿ" ಅಂತ? ಕಾಮೆಂಟಿನಲ್ಲಿ ಹಾಕಬೇಕಾದ್ದನ್ನು ಕೆಲವರು ಇನ್‌ಬಾಕ್ಸಿಗೆ ಹಾಕುತ್ತಾರೆ.

ಗೊಂಬೆಮನೆ_ಮಲ್ಲೇಶ್ವರಂ

ಹಾಕಿದ್ದೆ, ಗೌರಿ ಹಬ್ಬದ ಸಮಯಕ್ಕೆ. ಹೌದು, ಕೆಲವು ಹೆಸರುಗಳು ಆ ವಾರದವೇ. ಹೆಣ್ಣುಮಕ್ಕಳ ಖಾತೆಗಳು. ಅವು ಹಾಗೇ ಇರಬಹುದು. ಆದರೆ ನನ್ನ ಅಂಗಡಿ ಹೆಸರಿನದು?

ಹೆಸರಘಟ್ಟ_ಗಿಡ

ಅಕ್ಕ, ಅದನ್ನು ಇವತ್ತೇ ನೋಡಿ. ತಡ ಮಾಡಬೇಡಿ.

ನಾನು ಗಿಡ ಮಾರುತ್ತೇನೆ. ನನಗೂ ಒಬ್ಬರು ಹೀಗೇ @ ಹಾಕಿ ನನ್ನದೇ ಹೆಸರು ಕಳಿಸಿದ್ದರು, ಮಧ್ಯದಲ್ಲಿ ಒಂದು ಚುಕ್ಕೆ ಜಾಸ್ತಿ. ಯಾಕೆ ಕಳಿಸಿದರೋ ಅಂತ ನನಗೆ ಹೊಳೆಯಲಿಲ್ಲ. ಕೆಲವು ದಿನ ಆದ ಮೇಲೆ ಇನ್ನೊಬ್ಬರು "ಅಡ್ವಾನ್ಸ್ ಕೊಟ್ಟೆ, ಗಿಡ ಬರಲಿಲ್ಲ" ಅಂತ ಜಗಳಕ್ಕೆ ಬಂದರು. ಯಾರೋ ನನ್ನ ಫೋಟೋಗಳನ್ನೆಲ್ಲ ಎತ್ತಿ ಆ ಹೆಸರಲ್ಲಿ ಅಂಗಡಿ ತೆರೆದಿದ್ದರು. ನನ್ನ ಫಾಲೋವರ್‌ಗಳಿಗೇ ಮೆಸೇಜ್ ಮಾಡಿ ಹಣ ಪಡೆದಿದ್ದರು. ಆ ಮೊದಲನೆಯವರು ಕೇಳಿದ್ದು ಇಷ್ಟೇ: "ಇದು ನೀವೇನಾ?" ಅನುಮಾನದಲ್ಲಿ ಹೆಸರು ಮಾತ್ರ ಕಳಿಸಿದ್ದರು.

ನೋಡೋದು ಹೀಗೆ. ಆ ಹೆಸರನ್ನು ನೀವೇ ಹುಡುಕಿ ಪ್ರೊಫೈಲ್ ತೆರೆಯಿರಿ. ಮೂರು ಚುಕ್ಕೆ ಒತ್ತಿದರೆ "ಈ ಖಾತೆಯ ಬಗ್ಗೆ" ಅಂತ ಬರುತ್ತೆ. ಯಾವ ತಿಂಗಳು, ಯಾವ ವರ್ಷ ಸೇರಿದ್ದು ಅಂತ ಅಲ್ಲಿ ಇರುತ್ತೆ. ಹಳೆಯ ಅಂಗಡಿ ಅಂತ ತೋರಿಸಿಕೊಂಡು ಖಾತೆ ಹೊಸದಾಗಿದ್ದರೆ, ಅದರಲ್ಲಿ ನಿಮ್ಮದೇ ಫೋಟೋ ಇದ್ದರೆ, ಇನ್ನೇನು ಬೇಕು. ಸೋಗು ಹಾಕಿದ ಖಾತೆ ಅಂತ ರಿಪೋರ್ಟ್ ಮಾಡಿ. ಯಾರಾದರೂ ಹಣ ಕಳೆದುಕೊಂಡಿದ್ದರೆ ಅವರಿಗೆ ತಕ್ಷಣ 1930ಕ್ಕೆ ಫೋನ್ ಮಾಡೋಕೆ ಹೇಳಿ, cybercrime.gov.in ನಲ್ಲೂ ದೂರು ಕೊಡಬಹುದು.

ಬಸವನಗುಡಿ_ಹುಡುಗ

@ ಇದೆ ಅಂದರೆ ಯುಪಿಐ ಐಡಿ ಇರಬಹುದಲ್ವಾ? ಹಣ ಹಾಕಿ ಅಂತ ಕೇಳೋ ಮೋಸ?

ಲಿಂಕ್_ಬಿಚ್ಚುವವ

ಯುಪಿಐ ಐಡಿಯಲ್ಲಿ @ ಮುಂದೆಯೂ ಹೆಸರು ಇರುತ್ತೆ, ಹಿಂದೆಯೂ ಇರುತ್ತೆ. @ ಇಂದಲೇ ಶುರುವಾದರೆ ಅದು ಖಾತೆಯ ಹೆಸರು. ಯಾವ ಜಾಗದ ಖಾತೆ ಅಂತ ಆಕಾರ ನೋಡಿಯೇ ಸ್ವಲ್ಪ ಹೇಳಬಹುದು. ಹೆಸರಿನಲ್ಲಿ ಚುಕ್ಕೆ ಇದ್ದರೆ ಅದು ಎಕ್ಸ್ ಅಥವಾ ಟೆಲಿಗ್ರಾಂನದ್ದಲ್ಲ, ಅಲ್ಲಿ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ಎಕ್ಸ್‌ನಲ್ಲಿ ಹೆಸರು 15 ಅಕ್ಷರ ಮೀರಲ್ಲ. ಚುಕ್ಕೆ ಇದ್ದರೆ ಇನ್‌ಸ್ಟಾಗ್ರಾಂ.

ಕೋರಮಂಗಲ_ಕೋಡರ್

ಯೂಟ್ಯೂಬ್ ಬಿಟ್ಟಿರಿ. 2022ರಿಂದ ಅಲ್ಲೂ @ ಹೆಸರುಗಳು ಬಂದಿವೆ, ಅದರಲ್ಲೂ ಚುಕ್ಕೆ ನಡೆಯುತ್ತೆ. ಹೈಫನ್ ಕೂಡ. ಹೈಫನ್ ಇನ್‌ಸ್ಟಾಗ್ರಾಂನಲ್ಲಿ ನಡೆಯಲ್ಲ.

ಲಿಂಕ್_ಬಿಚ್ಚುವವ

ಸರಿ, ಒಪ್ಪಿದೆ. ಮೇಡಂ, ಆದ್ದರಿಂದ ಇನ್‌ಸ್ಟಾಗ್ರಾಂನಲ್ಲಿ ಮಾತ್ರ ಹುಡುಕಿ ಸಿಗಲಿಲ್ಲ ಅಂತ ನಿಲ್ಲಿಸಬೇಡಿ. ಬೇರೆ ಕಡೆಯೂ ಅದೇ ಹೆಸರಲ್ಲಿ ಯಾರಾದರೂ ಇದ್ದಾರಾ ನೋಡಿ. ಮತ್ತೆ, ಹೆಸರು ಕಳಿಸಿದವರು ಜೊತೆಗೆ ಲಿಂಕ್ ಕೊಟ್ಟು ಲಾಗಿನ್ ಆಗಿ ಅಂದರೆ ಮಾಡಬೇಡಿ.

ಗೊಂಬೆಮನೆ_ಮಲ್ಲೇಶ್ವರಂ

ನೋಡಿದೆ. ಇನ್‌ಸ್ಟಾಗ್ರಾಂನಲ್ಲೇ ಇದೆ. ಖಾತೆ ಸೇರಿದ್ದು ಕಳೆದ ತಿಂಗಳು. ನನ್ನ ಹೋದ ವರ್ಷದ ದಸರಾ ಫೋಟೋಗಳು ಅದರಲ್ಲಿವೆ, ನಮ್ಮ ಮನೆಯ ಮೆಟ್ಟಿಲು, ಹಿಂದಿನ ಪರದೆ ಸಮೇತ. ಕೈ ನಡುಗುತ್ತಿದೆ. ರಿಪೋರ್ಟ್ ಮಾಡಿದೆ. ಹೆಸರು ಕಳಿಸಿದ ಹುಡುಗಿಗೆ "ಅದು ನಾನಲ್ಲ, ಹಣ ಕೊಡಬೇಡಿ. ತಿಳಿಸಿದ್ದಕ್ಕೆ ಧನ್ಯವಾದ" ಅಂತ ಬರೆದೆ. ತಕ್ಷಣ ಉತ್ತರ ಬಂತು: "ನಂಗೂ ಡೌಟ್ ಇತ್ತು ಆಂಟಿ. ಕೊಟ್ಟಿಲ್ಲ."

ಹೆಸರಘಟ್ಟ_ಗಿಡ

ಸದ್ಯ. ನಿಮ್ಮ ಸ್ಟೋರಿಯಲ್ಲೂ ಹಾಕಿ ಅಕ್ಕ, ನಕಲಿ ಖಾತೆಯ ಸ್ಕ್ರೀನ್‌ಶಾಟ್ ಜೊತೆ. ಮನೆಯವರಿಗೂ ಗೆಳತಿಯರಿಗೂ ರಿಪೋರ್ಟ್ ಮಾಡೋಕೆ ಹೇಳಿ. ನನ್ನದು ತೆಗೆಯೋಕೆ ಸಮಯ ಹಿಡಿಯಿತು, ಅಷ್ಟರಲ್ಲಿ ಎಚ್ಚರಿಕೆ ಜನರಿಗೆ ತಲುಪಿರಬೇಕು.

ಬಸವನಗುಡಿ_ಹುಡುಗ

ಖಾತೆ ಹೆಸರು ಕೊಡಿ ಮೇಡಂ, ನಾನೂ ರಿಪೋರ್ಟ್ ಮಾಡ್ತೀನಿ.

ಗೊಂಬೆಮನೆ_ಮಲ್ಲೇಶ್ವರಂ

ಒಳಗೆ ಕಳಿಸಿದೆ ಮರಿ. ಥ್ಯಾಂಕ್ಸ್.

ಇನ್ನೂ ಒಂದು ಉಳಿದಿದೆ. ಒಬ್ಬರು @ ಹಾಕಿ ಚನ್ನಪಟ್ಟಣದ ಗೊಂಬೆ ಮಾಡುವವರ ಖಾತೆಯ ಹೆಸರು ಕಳಿಸಿದ್ದಾರೆ. ನಕಲಿ ಅಲ್ಲ, ನಿಜವಾದ ಕುಶಲಕರ್ಮಿಗಳು. ನಾನು ಎರಡು ಸಲ ಕೇಳಿದೆ, ಉತ್ತರ ಇಲ್ಲ. ಇಂಥದ್ದು ನಿಮ್ಮ ಹತ್ತಿರ ಇದೆಯಾ ಅಂತಲಾ? ಅವರ ಬೆಲೆ ಕಡಿಮೆ ಅಂತಲಾ? ಅವರಿಂದ ತರಿಸಿ ಅಂತಲಾ?

ಯಶವಂತಪುರ_ಸೀರೆ

ಬೆಲೆ ಕಡಿಮೆ ಅಂತಲೇ. ನನಗೆ ಹೀಗೆ ಬೇರೆ ಅಂಗಡಿ ಹೆಸರು ಬಂದಾಗಲೆಲ್ಲ ಅದೇ ಆಗಿದೆ.

ಕೀವರ್ಡ್_ಕಿರಣ

ಇಲ್ಲ ಅಕ್ಕ, ಆ ಖಾತೆಯಲ್ಲಿ ಯಾವುದೋ ಗೊಂಬೆ ಇಷ್ಟ ಆಗಿರುತ್ತೆ. ಪೋಸ್ಟ್ ಶೇರ್ ಮಾಡೋಕೆ ಹೋಗಿ ಹೆಸರು ಹಾಕಿರುತ್ತಾರೆ. "ಯಾವ ಗೊಂಬೆ ಅಂತ ಆ ಪೋಸ್ಟ್ ಕಳಿಸಿ, ನನ್ನ ಹತ್ತಿರ ಇದೆಯಾ ನೋಡ್ತೀನಿ" ಅಂತ ಒಂದು ಸಾಲು ಬರೆದು ನೋಡಿ.

ಜಯನಗರ_ರಾಯರು

ಇಬ್ಬರ ಮಾತೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆ ಕುಶಲಕರ್ಮಿಗಳ ಮನೆಯವರೇ ಕಳಿಸಿರಬಹುದು, ನಮ್ಮ ಮಾಲು ಇಟ್ಟುಕೊಳ್ಳಿ ಅಂತ. ಮೇಡಂ, ಆ ಖಾತೆಗೇ ನೇರವಾಗಿ ಬರೆದು ಕೇಳಬಹುದಲ್ವಾ?

ಗೊಂಬೆಮನೆ_ಮಲ್ಲೇಶ್ವರಂ

ಇದು ನನಗೆ ಹೊಳೆದಿರಲಿಲ್ಲ ರಾಯರೇ. ಮೊದಲು ಕಿರಣ ಹೇಳಿದ ಸಾಲು ಕಳಿಸುತ್ತೇನೆ, ಆಮೇಲೆ ಆ ಖಾತೆಯವರಿಗೆ ಬರೆಯುತ್ತೇನೆ. ಚಿಕ್ಕಪೇಟೆ ಅಣ್ಣ, ಸ್ಟಿಕ್ಕರ್ ಈ ಶುಕ್ರವಾರದೊಳಗೆ ಆಗುತ್ತಾ? ಶನಿವಾರ ಮತ್ತೆ ಸ್ಟಾಲ್ ಇದೆ.

ಚಿಕ್ಕಪೇಟೆ_ಪ್ರಿಂಟರ್

ಬುಧವಾರ ಲಿಂಕ್ ಕೊಡಿ, ಗುರುವಾರ ಸಂಜೆ ತಗೊಂಡು ಹೋಗಿ. ಒಂದು ಮೊದಲು ಹೊಡೆದು ನಿಮ್ಮ ಮುಂದೆಯೇ ಸ್ಕ್ಯಾನ್ ಮಾಡಿ ತೋರಿಸುತ್ತೇನೆ, ಪೂರ್ತಿ ವಾಕ್ಯ ಬಂದರೆ ಮಾತ್ರ ಉಳಿದದ್ದು.